ಕೆಲಸ ಬಿಟ್ಟ ಮೇಲೆ ಹೆಲ್ತ್ ಇನ್ಶೂರೆನ್ಸ್: ಮನೆಯಲ್ಲಿ ಯಾರಿಗೆ ಯಾವ ದಾರಿ?

ರಾಜೀನಾಮೆ ಕೊಟ್ಟ ದಿನವೇ ಕಂಪನಿಯ ಹೆಲ್ತ್ ಇನ್ಶೂರೆನ್ಸ್ ನಿಂತುಹೋಗುವುದಿಲ್ಲ. ಸಾಮಾನ್ಯವಾಗಿ ಅದು ನಿಲ್ಲುವುದು ಆಫೀಸಿನ ಕೊನೆಯ ದಿನ, ಅಂದರೆ ರಿಲೀವಿಂಗ್ ಲೆಟರ್‌ನಲ್ಲಿ ಬರೆದಿರುವ ತಾರೀಕು. ಅಂದು ರಾತ್ರಿ ಹನ್ನೆರಡರವರೆಗೆ ನೀವು, ಹೆಂಡತಿ ಅಥವಾ ಗಂಡ, ಮಕ್ಕಳು, ಹೆಸರು ಸೇರಿಸಿದ್ದರೆ ಅಪ್ಪ ಅಮ್ಮ, ಎಲ್ಲರೂ ಒಳಗೆ. ಮಾರನೇ ದಿನ ಎಲ್ಲರೂ ಒಟ್ಟಿಗೇ ಹೊರಗೆ. ಕೆಲವು ಕಂಪನಿಗಳು ಪಾಲಿಸಿ ವರ್ಷ ಮುಗಿಯುವವರೆಗೆ ಬಿಟ್ಟುಕೊಡುತ್ತವೆ, ಆದರೆ ಅಂಥವು ಕಡಿಮೆ.

ಇದಕ್ಕೆ ಕಾರಣ ಸರಳ. ಈ ಪಾಲಿಸಿ ನಿಮ್ಮದಲ್ಲ. ಪಾಲಿಸಿದಾರ ಅಂತ ಇರುವುದು ಕಂಪನಿಯ ಹೆಸರು, ನೀವು ಅದರಲ್ಲಿ ಒಬ್ಬ ಸದಸ್ಯ. ಎಚ್‌ಆರ್‌ನವರು ಸಾಮಾನ್ಯವಾಗಿ ತಿಂಗಳಿಗೊಮ್ಮೆ ಇನ್ಶೂರೆನ್ಸ್ ಕಂಪನಿಗೆ ಪಟ್ಟಿ ಕಳಿಸುತ್ತಾರೆ: ಇಷ್ಟು ಜನ ಸೇರಿದರು, ಇಷ್ಟು ಜನ ಬಿಟ್ಟರು. ಬಿಟ್ಟವರ ಹೆಸರು ತೆಗೆದರೆ ಉಳಿದ ತಿಂಗಳುಗಳ ಪ್ರೀಮಿಯಂ ಲೆಕ್ಕ ಹಾಕಿ ಕಂಪನಿಗೆ ವಾಪಸ್ ಬರುತ್ತದೆ, ಕ್ಲೈಮ್ ಆಗಿದ್ದರೆ ಮಾತ್ರ ಅದು ಕಷ್ಟ. ಹಾಗಾಗಿ ಹೆಸರನ್ನು ಸುಮ್ನೆ ಉಳಿಸಿಕೊಳ್ಳುವುದಕ್ಕೆ ಕಂಪನಿಗೆ ಯಾವ ಕಾರಣವೂ ಇಲ್ಲ.

ಇಲ್ಲೊಂದು ಗೊಂದಲ ಆಗುತ್ತದೆ. ಪಟ್ಟಿ ಹೋಗುವುದು ತಿಂಗಳ ಕೊನೆಗೆ, ಆದರೆ ಹೆಸರು ತೆಗೆಯುವುದು ಕೊನೆಯ ಕೆಲಸದ ದಿನದಿಂದಲೇ ಲೆಕ್ಕ. ನಡುವಿನ ಎರಡು ಮೂರು ವಾರ ನಿಮ್ಮ ಇ-ಕಾರ್ಡ್ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಚಾಲ್ತಿಯಲ್ಲಿದೆ ಅಂತ ತೋರಿಸಬಹುದು. ಅದನ್ನು ನಂಬಿ ಅಡ್ಮಿಟ್ ಆಗಬೇಡಿ. ಆಮೇಲೆ ತಾರೀಕು ನೋಡಿ ಕ್ಲೈಮ್ ತಳ್ಳಿಹಾಕಿದರೆ ಬಿಲ್ ನಿಮ್ಮ ತಲೆಗೇ.

ಕಳೆದುಕೊಳ್ಳುವುದು ಐದು ಲಕ್ಷ ಮಾತ್ರ ಅಲ್ಲ

ಹೆಚ್ಚಿನವರು ಲೆಕ್ಕ ಹಾಕುವುದು ಮೊತ್ತವನ್ನು. ಐದು ಲಕ್ಷದ ಕವರ್ ಹೋಯಿತು, ಇನ್ನೊಂದು ಐದು ಲಕ್ಷದ್ದು ಕೊಂಡರಾಯಿತು ಅಂತ. ನಿಜವಾಗಿ ಬೆಲೆಬಾಳುವುದು ಬೇರೆ: ಕಂಪನಿ ಪಾಲಿಸಿಯಲ್ಲಿ ಸಾಮಾನ್ಯವಾಗಿ ಕಾಯುವ ಅವಧಿಯೇ ಇರುವುದಿಲ್ಲ. ಅಮ್ಮನಿಗೆ ಹದಿನೈದು ವರ್ಷದಿಂದ ಶುಗರ್ ಇದ್ದರೂ ಹೆಸರು ಸೇರಿದ ಮೊದಲ ದಿನದಿಂದಲೇ ಕವರ್ ಇರುತ್ತದೆ. ಆರೋಗ್ಯ ಹೇಗಿದೆ ಅಂತ ಕೂಡ ಯಾರೂ ಕೇಳಿರುವುದಿಲ್ಲ.

ನಾವೇ ಕೊಳ್ಳುವ ಪಾಲಿಸಿಯಲ್ಲಿ ಮೂರು ಬಾಗಿಲು ದಾಟಬೇಕು. ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಕವರ್ ಇಲ್ಲ. ಎರಡನೆಯದು, ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಕಿಡ್ನಿ ಕಲ್ಲು, ಮಂಡಿಚಿಪ್ಪು ಬದಲಾವಣೆ ಇಂಥ ಹೆಸರಿಸಿದ ಕಾಯಿಲೆಗಳಿಗೆ ಹೆಚ್ಚಿನ ಪಾಲಿಸಿಗಳಲ್ಲಿ ಎರಡು ವರ್ಷ ಕಾಯಬೇಕು. ಮೂರನೆಯದು, ಪಾಲಿಸಿ ತೆಗೆಯುವ ಮೊದಲೇ ಇದ್ದ ಕಾಯಿಲೆಗಳು. ಅದಕ್ಕೆ ಗರಿಷ್ಠ 36 ತಿಂಗಳು. 2024ರ ಮೊದಲು ಇದು 48 ತಿಂಗಳವರೆಗೆ ಇರಬಹುದಿತ್ತು, ವಿಮಾ ನಿಯಂತ್ರಕ ಐಆರ್‌ಡಿಎಐ ಆ ವರ್ಷ ಇಳಿಸಿತು.

ಅಂದಮೇಲೆ ಆಯ್ಕೆ ಮಾಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ "ಯಾವ ಪಾಲಿಸಿ ಅಗ್ಗ" ಅನ್ನುವುದಲ್ಲ. "ನಮ್ಮ ಮನೆಯಲ್ಲಿ ಯಾರಿಗೆ ಈ ಮೂರು ಬಾಗಿಲುಗಳಲ್ಲಿ ನಿಂತು ಕಾಯುವ ಪುರಸೊತ್ತು ಇದೆ, ಯಾರಿಗೆ ಇಲ್ಲ" ಅನ್ನುವುದು. ಉತ್ತರ ಎಲ್ಲರಿಗೂ ಒಂದೇ ಆಗಬೇಕಿಲ್ಲ. ಒಂದೇ ಮನೆಯಲ್ಲಿ ಅಪ್ಪ ಅಮ್ಮನಿಗೆ ಒಂದು ದಾರಿ, ನಿಮಗೆ ಇನ್ನೊಂದು ದಾರಿ ಸರಿಹೋಗಬಹುದು. ಮುಖ್ಯವಾದ ದಾರಿಗಳು ಎರಡೇ, ಉಳಿದವು ಊರುಗೋಲುಗಳು. ಮೊದಲು ಆ ಎರಡನ್ನು ನೋಡೋಣ.

ಮೊದಲ ದಾರಿ: ಅದೇ ಇನ್ಶೂರೆನ್ಸ್ ಕಂಪನಿಯ ಸ್ವಂತ ಪಾಲಿಸಿಗೆ ಮೈಗ್ರೇಷನ್

ನಿಮ್ಮ ಕಂಪನಿಗೆ ಗ್ರೂಪ್ ಪಾಲಿಸಿ ಕೊಟ್ಟಿರುವ ಇನ್ಶೂರೆನ್ಸ್ ಕಂಪನಿ ಯಾವುದೋ, ಅದರದ್ದೇ ವೈಯಕ್ತಿಕ ಅಥವಾ ಫ್ಯಾಮಿಲಿ ಪಾಲಿಸಿಗೆ ಸರಿಯುವುದಕ್ಕೆ ಮೈಗ್ರೇಷನ್ ಅನ್ನುತ್ತಾರೆ. ಗುಂಪು ಬಿಟ್ಟು ಹೊರಡುವ ಸದಸ್ಯರಿಗೆ ಇದರ ಅವಕಾಶ ಕೊಡಬೇಕು ಅಂತ ಐಆರ್‌ಡಿಎಐ ನಿಯಮವೇ ಇದೆ. ಇದು ಎಚ್‌ಆರ್ ಮಾಡುವ ಉಪಕಾರ ಅಲ್ಲ. ಎಷ್ಟೋ ಎಚ್‌ಆರ್‌ನವರಿಗೆ ಈ ಮಾತೇ ಗೊತ್ತಿರುವುದಿಲ್ಲ ಅನ್ನುವುದು ಬೇರೆ ವಿಷಯ.

ಇದರ ಮುಖ್ಯ ಲಾಭ ಒಂದೇ, ಆದರೆ ದೊಡ್ಡದು. ಗ್ರೂಪ್‌ನಲ್ಲಿ ನೀವು ಬಿಡದೆ ಇದ್ದಷ್ಟು ವರ್ಷಗಳನ್ನು ಹೊಸ ಪಾಲಿಸಿಯ ಕಾಯುವ ಅವಧಿಯಿಂದ ಕಳೆಯುತ್ತಾರೆ. ನಾಲ್ಕು ವರ್ಷ ಇದ್ದಿರಾ? ಹಳೆಯ ಕಾಯಿಲೆಯ ಮೂರು ವರ್ಷವೂ ಮುಗಿದಂತೆ. ಒಂದೇ ವರ್ಷ ಇದ್ದಿರಾ? ಇನ್ನೆರಡು ವರ್ಷ ಬಾಕಿ. ಮೊದಲ 30 ದಿನದ ಗೋಜೂ ಇರುವುದಿಲ್ಲ.

ಮಿತಿಗಳೂ ಇವೆ. ಈ ರಿಯಾಯಿತಿ ಸಿಗುವುದು ಗ್ರೂಪ್‌ನಲ್ಲಿ ಇದ್ದಷ್ಟು ಮೊತ್ತಕ್ಕೆ ಮಾತ್ರ. ಅಲ್ಲಿ ಐದು ಲಕ್ಷ ಇದ್ದು ಇಲ್ಲಿ ಹತ್ತು ಲಕ್ಷ ತೆಗೆದುಕೊಂಡರೆ ಮೊದಲ ಐದು ಲಕ್ಷಕ್ಕೆ ಹಳೆಯ ವರ್ಷಗಳು ಲೆಕ್ಕಕ್ಕೆ ಬರುತ್ತವೆ, ಮೇಲಿನ ಐದು ಲಕ್ಷಕ್ಕೆ ಕಾಯುವುದು ಹೊಸದಾಗಿ ಶುರು.

ಎರಡನೇ ಮಿತಿ ಇನ್ನೂ ಮುಖ್ಯ. ಅವಕಾಶ ಕೊಡಬೇಕು ಅಂದರೆ ಕೇಳಿದ ಹಾಗೆಯೇ ಕೊಡಬೇಕು ಅಂತಲ್ಲ. ಇನ್ಶೂರೆನ್ಸ್ ಕಂಪನಿ ನಿಮ್ಮ ಆರೋಗ್ಯ ನೋಡುತ್ತದೆ, ಬೇಕಾದರೆ ಮೆಡಿಕಲ್ ಟೆಸ್ಟ್ ಮಾಡಿಸುತ್ತದೆ, ಪ್ರೀಮಿಯಂ ಏರಿಸಬಹುದು. ಗ್ರೂಪ್‌ನಲ್ಲಿದ್ದ ಸವಲತ್ತುಗಳು ಹಾಗೆಹಾಗೇ ಬರುವುದೂ ಇಲ್ಲ. ಹೊಸ ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಮಿತಿ ಇರಬಹುದು, ವಯಸ್ಸಾದವರಿಗೆ ಕೋ-ಪೇ ಇರಬಹುದು, ಅಂದರೆ ಪ್ರತಿ ಬಿಲ್ಲಿನಲ್ಲಿ ಇಂತಿಷ್ಟು ಪಾಲು ನೀವೇ ಕಟ್ಟಬೇಕು. ಆ ಇನ್ಶೂರೆನ್ಸ್ ಕಂಪನಿಯನ್ನು ಆರಿಸಿದ್ದು ನೀವಲ್ಲ, ನಿಮ್ಮ ಆಫೀಸು. ಅದರ ಹೊಸ ಪಾಲಿಸಿ ನಿಮಗೆ ಇಷ್ಟವಾಗಲೇಬೇಕು ಅಂತೇನಿಲ್ಲ.

ಹಾಗಾದರೆ ನೇರವಾಗಿ ಬೇರೆ ಕಂಪನಿಗೆ ಪೋರ್ಟ್ ಮಾಡಬಹುದಲ್ವಾ? ಗ್ರೂಪ್‌ನಿಂದ ಹೊರಬರುವವರಿಗೆ ರೂಢಿಯಲ್ಲಿರುವ ದಾರಿ ಎರಡು ಹೆಜ್ಜೆಯದು: ಮೊದಲು ಅದೇ ಕಂಪನಿಯ ಸ್ವಂತ ಪಾಲಿಸಿ, ಆಮೇಲೆ ರಿನ್ಯೂವಲ್ ಸಮಯದಲ್ಲಿ ಬೇರೆ ಕಂಪನಿಗೆ ಪೋರ್ಟ್. ಕೆಲವು ಏಜೆಂಟರು "ನೇರವಾಗಿ ಮಾಡಿಸಿಕೊಡುತ್ತೇನೆ, ಹಳೆಯ ವರ್ಷ ಎಲ್ಲ ಲೆಕ್ಕಕ್ಕೆ ಬರುತ್ತೆ" ಅನ್ನುತ್ತಾರೆ. ಬಂದ ಪಾಲಿಸಿ ಹಾಳೆಯಲ್ಲಿ "ಮೊದಲ ಸೇರ್ಪಡೆಯ ದಿನಾಂಕ" ಅನ್ನುವ ಜಾಗದಲ್ಲಿ ಗ್ರೂಪ್‌ಗೆ ಸೇರಿದ ಹಳೆಯ ತಾರೀಕು ಇದ್ದರೆ ಅವರ ಮಾತು ನಿಜ. ಇವತ್ತಿನ ತಾರೀಕು ಇದ್ದರೆ ಅದು ಹೊಸ ಪಾಲಿಸಿ, ಅಷ್ಟೆ. ಮೈಗ್ರೇಷನ್ ಮಾಡಿಸಿದಾಗಲೂ ಮೊದಲು ನೋಡಬೇಕಾದ ಜಾಗ ಇದೇ. ತಪ್ಪಿದ್ದರೆ ಪಾಲಿಸಿ ಕೈಗೆ ಬಂದ 30 ದಿನದೊಳಗೆ ತಿದ್ದಿಸಿ ಇಲ್ಲವೇ ವಾಪಸ್ ಮಾಡಿ. ಅಷ್ಟು ದಿನ ಫ್ರೀ ಲುಕ್ ಅವಕಾಶ ಇರುತ್ತದೆ.

ಅರ್ಜಿ ಯಾವಾಗ ಹಾಕಬೇಕು? ಕೊನೆಯ ದಿನಕ್ಕೆ ಮೊದಲು. ಬಿಟ್ಟ ಮೇಲೆ ಇಷ್ಟು ದಿನದೊಳಗೆ ಬನ್ನಿ ಅಂತ ಕೆಲವು ಗ್ರೂಪ್ ಪಾಲಿಸಿಗಳಲ್ಲಿ ಬರೆದಿರುತ್ತದೆ, ಆದರೆ ಅದನ್ನು ನೆಚ್ಚಿಕೊಂಡರೆ ನಡುವೆ ಖಾಲಿ ದಿನಗಳು ಬೀಳುತ್ತವೆ. ಆ ಖಾಲಿ ದಿನಗಳೇ "ಬಿಡದೆ ಇದ್ದಿರಿ" ಅನ್ನುವ ಲೆಕ್ಕವನ್ನು ಕೆಡಿಸುವುದು.

ಎರಡನೇ ದಾರಿ: ನಿಮಗೆ ಬೇಕಾದ ಕಂಪನಿಯಲ್ಲಿ ಹೊಸ ಪಾಲಿಸಿ

ಆರೋಗ್ಯ ಚೆನ್ನಾಗಿರುವವರಿಗೆ, ನಲವತ್ತರ ಆಸುಪಾಸಿನವರಿಗೆ ನನ್ನ ಪ್ರಕಾರ ಇದೇ ಒಳ್ಳೆಯದು. ಯಾವ ಕಂಪನಿ, ಎಷ್ಟು ಮೊತ್ತ, ರೂಮ್ ಬಾಡಿಗೆಗೆ ಮಿತಿ ಇರಬೇಕೋ ಬೇಡವೋ, ಎಲ್ಲ ನಿಮ್ಮ ಇಷ್ಟ. ನಿಮಗೆ ಹಳೆಯ ಕಾಯಿಲೆಯೇ ಇಲ್ಲ ಅಂದಮೇಲೆ ಗ್ರೂಪ್‌ನಲ್ಲಿ ಕಳೆದ ವರ್ಷಗಳಿಂದ ಸಿಗುವ ರಿಯಾಯಿತಿಯನ್ನು ಬಿಟ್ಟುಕೊಟ್ಟರೂ ದೊಡ್ಡ ನಷ್ಟ ಇಲ್ಲ. ಹರ್ನಿಯಾ, ಕಲ್ಲು ಇಂಥವಕ್ಕೆ ಎರಡು ವರ್ಷ ಕಾಯುವುದು ಉಳಿಯುತ್ತದೆ, ನಿಜ.

ಆದರೆ ಇದನ್ನು ಯಾವಾಗ ಕೊಳ್ಳುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕೊನೆಯ ದಿನ ಕಳೆದ ಮೇಲೆ ಕೊಂಡರೆ ಮೊದಲ 30 ದಿನ ಡೆಂಗಿ ಬಂದು ಮಲಗಿದರೂ ಒಂದು ಪೈಸೆ ಬರುವುದಿಲ್ಲ. ನೋಟಿಸ್ ಪೀರಿಯಡ್ ಇರುವುದು ಇದಕ್ಕೇ ಅಂತ ತಿಳಿಯಿರಿ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ 60 ಅಥವಾ 90 ದಿನ ನೋಟಿಸ್ ಇರುತ್ತದಲ್ಲ, ಅದರ ಮೊದಲ ವಾರದಲ್ಲೇ ಅರ್ಜಿ ಹಾಕಿದರೆ ಈ 30 ದಿನ ಕಂಪನಿ ಕವರ್‌ನ ನೆರಳಿನಲ್ಲೇ ಮುಗಿದುಹೋಗುತ್ತದೆ. ಒಂದೇ ಸಮಯದಲ್ಲಿ ಎರಡು ಪಾಲಿಸಿ ಇದ್ದರೆ ತಪ್ಪೇನಿಲ್ಲ. ಯಾವುದರಲ್ಲಿ ಮೊದಲು ಕ್ಲೈಮ್ ಮಾಡಬೇಕು ಅನ್ನುವುದನ್ನು ನೀವೇ ಆರಿಸಬಹುದು.

ನೋಟಿಸ್ ಅನ್ನು ಪೂರ್ತಿ ನಂಬಬೇಡಿ ಅನ್ನುವುದನ್ನೂ ಸೇರಿಸಬೇಕು. "ನಾಳೆಯಿಂದ ಬರಬೇಡಿ, ನೋಟಿಸ್ ಸಂಬಳ ಕೊಡುತ್ತೇವೆ" ಅಂತ ಕೆಲವು ಕಂಪನಿಗಳು ಬೇಗ ಕಳಿಸುತ್ತವೆ. ಇಲ್ಲವೇ ಹೊಸ ಕಂಪನಿ ಬೈಔಟ್ ಮಾಡಿ ಬೇಗ ಕರೆಸಿಕೊಳ್ಳುತ್ತದೆ. ಆಗ ಕೊನೆಯ ದಿನವೂ ಹಿಂದಕ್ಕೆ ಬರುತ್ತದೆ, ಅದರೊಂದಿಗೆ ಕವರ್ ಕೂಡ. ಕೆಲಸ ಬಿಡುವುದು ಗಟ್ಟಿಯಾಗಿದ್ದರೆ ರಾಜೀನಾಮೆಯ ಮೇಲ್ ಕಳಿಸುವ ಮೊದಲೇ ಪಾಲಿಸಿ ಕೊಂಡುಬಿಡುವುದು ಇನ್ನೂ ವಾಸಿ.

ಬೆಲೆಯ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮತ್ತು ಫ್ಯಾಮಿಲಿ ಫ್ಲೋಟರ್, ಅಂದರೆ ಮನೆಯವರೆಲ್ಲ ಸೇರಿ ಒಂದೇ ಮೊತ್ತ ಹಂಚಿಕೊಳ್ಳುವ ಪಾಲಿಸಿಗಳ ಪ್ರೀಮಿಯಂ ಮೇಲೆ ಜಿಎಸ್‌ಟಿ ಇಲ್ಲ. ಮೊದಲು 18% ಇತ್ತು. ಹಳೆಯ ಲೆಕ್ಕ ತಲೆಯಲ್ಲಿಟ್ಟುಕೊಂಡು "ಸ್ವಂತ ಪಾಲಿಸಿ ದುಬಾರಿ" ಅಂತ ಕೈಬಿಟ್ಟವರು ಇನ್ನೊಮ್ಮೆ ದರ ಕೇಳಿ ನೋಡಬಹುದು.

ಒಂದು ಮನೆಯ ಲೆಕ್ಕ

ಹೆಸರು, ಅಂಕಿ ಎಲ್ಲ ಉದಾಹರಣೆಗೆ ಅಂತ ಮಾಡಿಕೊಂಡದ್ದು. ಶಿವಕುಮಾರ್‌ಗೆ 42 ವರ್ಷ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಆರು ವರ್ಷ ಇದ್ದು ಈಗ ದಾವಣಗೆರೆಗೆ ಹೋಗಿ ಸ್ವಂತ ವ್ಯವಹಾರ ಶುರು ಮಾಡುತ್ತಿದ್ದಾರೆ. ಮುಂದೆ ಇನ್ನೊಂದು ಕಂಪನಿಯ ಕವರ್ ಬರುವುದಿಲ್ಲ. ಗ್ರೂಪ್‌ನಲ್ಲಿ ಹೆಂಡತಿ, ಇಬ್ಬರು ಮಕ್ಕಳು, 68 ವರ್ಷದ ಅಮ್ಮ, ಎಲ್ಲರೂ ಸೇರಿ ಐದು ಲಕ್ಷ. ಅಮ್ಮನಿಗೆ ಶುಗರ್ ಇದೆ, ಎಡ ಮಂಡಿ ಸವೆದಿದೆ, ಡಾಕ್ಟರು "ಇನ್ನೊಂದು ವರ್ಷದಲ್ಲಿ ಆಪರೇಷನ್ ಬೇಕಾಗಬಹುದು" ಅಂದಿದ್ದಾರೆ. ಜೂನ್ 1ರಂದು ರಾಜೀನಾಮೆ, ಜುಲೈ 31 ಕೊನೆಯ ದಿನ.

ಐದೂ ಜನರಿಗೆ ಒಂದೇ ಹೊಸ ಫ್ಲೋಟರ್ ತೆಗೆದುಕೊಂಡರೆ ಏನಾಗುತ್ತದೆ? ಫ್ಲೋಟರ್ ಪ್ರೀಮಿಯಂ ನಿಗದಿಯಾಗುವುದು ಮನೆಯ ಅತಿ ಹಿರಿಯರ ವಯಸ್ಸಿನ ಮೇಲೆ. 68ರ ಅಮ್ಮ ಒಳಗಿದ್ದರೆ ಮಕ್ಕಳ ಕವರ್ ಕೂಡ 68ರ ದರಕ್ಕೆ ಹತ್ತುತ್ತದೆ. ಅಷ್ಟು ಕೊಟ್ಟೂ ಅಮ್ಮನ ಮಂಡಿಗೆ ಎರಡು ವರ್ಷ, ಸವೆತ ಮೊದಲೇ ಗೊತ್ತಿದ್ದ ಕಾಯಿಲೆ ಅಂತ ಲೆಕ್ಕವಾದರೆ ಮೂರು ವರ್ಷ ಕಾಯಬೇಕು. ಇದು ಬೇಡ.

ಅವರು ಮನೆಯನ್ನು ಎರಡಾಗಿ ನೋಡುತ್ತಾರೆ. ತಾವು, ಹೆಂಡತಿ, ಮಕ್ಕಳಿಗೆ ಇಷ್ಟವಾದ ಕಂಪನಿಯಲ್ಲಿ ಹತ್ತು ಲಕ್ಷದ ಹೊಸ ಫ್ಲೋಟರ್. ಜೂನ್ ಮೊದಲ ವಾರ ಅರ್ಜಿ, ಟೆಸ್ಟು ಗಿಸ್ಟು ಮುಗಿದು ಜೂನ್ 15ಕ್ಕೆ ಪಾಲಿಸಿ ಶುರು. ಜುಲೈ 15ರ ಹೊತ್ತಿಗೆ 30 ದಿನ ಮುಗಿಯಿತು. ಕಂಪನಿ ಕವರ್ ನಿಲ್ಲುವುದು ಜುಲೈ 31ಕ್ಕೆ. ನಡುವೆ ಒಂದು ದಿನವೂ ಖಾಲಿ ಇಲ್ಲ.

ಅಮ್ಮನಿಗೆ ಮಾತ್ರ ಮೈಗ್ರೇಷನ್, ಐದು ಲಕ್ಷಕ್ಕೆ, ಆಗಸ್ಟ್ 1ರಿಂದ ಶುರುವಾಗುವಂತೆ. ಇನ್ಶೂರೆನ್ಸ್ ಕಂಪನಿ ಒಪ್ಪಿ, ಹಿರಿಯರ ಪಾಲಿಸಿಯಲ್ಲಿ 20% ಕೋ-ಪೇ ಹಾಕಿತು ಅಂದುಕೊಳ್ಳಿ. ಮಾರನೇ ಮಾರ್ಚ್‌ನಲ್ಲಿ ಮಂಡಿ ಆಪರೇಷನ್ ಆಗಿ, ಪಾಲಿಸಿ ಲೆಕ್ಕಕ್ಕೆ ಒಪ್ಪುವ ಬಿಲ್ 2,80,000 ರೂಪಾಯಿ ಬಂತು. ಅದರಲ್ಲಿ 56,000 ಶಿವಕುಮಾರ್ ಕೈಯಿಂದ, 2,24,000 ಇನ್ಶೂರೆನ್ಸ್‌ನಿಂದ. ಅಮ್ಮನಿಗೂ ಹೊಸ ಪಾಲಿಸಿ ತೆಗೆದಿದ್ದರೆ 2,80,000 ಪೂರ್ತಿ ಅವರದ್ದೇ ಆಗುತ್ತಿತ್ತು. ಮೈಗ್ರೇಷನ್ ಪಾಲಿಸಿಯ ಪ್ರೀಮಿಯಂ ಸ್ವಲ್ಪ ಜಾಸ್ತಿ, ನಿಜ. ಆದರೆ ಆ ಜಾಸ್ತಿಯನ್ನು ತೂಗಬೇಕಾದ್ದು ಈ ಎರಡು ಲಕ್ಷದ ಎದುರು.

ಇಲ್ಲೊಂದು ಮಾತು. ಡಾಕ್ಟರು ಆಪರೇಷನ್ ಮೂರು ತಿಂಗಳೊಳಗೆ ಆಗಲೇಬೇಕು ಅಂದಿದ್ದರೆ ಲೆಕ್ಕವೇ ಬೇರೆ. ಜುಲೈ 31ರೊಳಗೆ ಕಂಪನಿ ಕವರ್‌ನಲ್ಲೇ ಮಾಡಿಸಿಬಿಡುವುದು ಜಾಣತನ. ಕೊನೆಯ ದಿನಕ್ಕೆ ತೀರಾ ಹತ್ತಿರ ಇಟ್ಟುಕೊಳ್ಳಬೇಡಿ. ಅಡ್ಮಿಟ್ ಆದದ್ದು ಜುಲೈ 29, ಡಿಸ್ಚಾರ್ಜ್ ಆಗಸ್ಟ್ 3 ಅಂತಾದರೆ ಏನು ಕೊಡುತ್ತಾರೆ, ಡಿಸ್ಚಾರ್ಜ್ ನಂತರದ ಔಷಧಿ, ಫಿಸಿಯೋಥೆರಪಿ ಖರ್ಚು ಸಿಗುತ್ತದಾ ಅನ್ನುವುದು ಗ್ರೂಪ್ ಪಾಲಿಸಿಯ ಬರಹದ ಮೇಲೆ ಹೋಗುತ್ತದೆ. ಅಡ್ಮಿಟ್ ಆಗುವ ಮೊದಲೇ ಟಿಪಿಎಯಿಂದ, ಅಂದರೆ ಇನ್ಶೂರೆನ್ಸ್ ಕಂಪನಿಯ ಪರವಾಗಿ ಕ್ಲೈಮ್ ನೋಡಿಕೊಳ್ಳುವ ಸಂಸ್ಥೆಯಿಂದ, ಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ.

ಶಿವಕುಮಾರ್ ಹೆಂಡತಿಗೆ ಥೈರಾಯ್ಡ್ ಮಾತ್ರೆ ಇದೆ ಅಂತ ಇಟ್ಟುಕೊಳ್ಳೋಣ. ಅವರನ್ನೂ ಮೈಗ್ರೇಷನ್‌ಗೆ ಹಾಕಬೇಕಾ? ನಾನಾದರೆ ಹಾಕುವುದಿಲ್ಲ. ಮಾತ್ರೆಯಲ್ಲಿ ಹತೋಟಿಯಲ್ಲಿರುವ ಥೈರಾಯ್ಡ್ ಆಸ್ಪತ್ರೆಗೆ ಕರೆದೊಯ್ಯುವುದು ಅಪರೂಪ. ಬಿಪಿ, ಶುಗರ್, ಹೃದಯದ ಸ್ಟೆಂಟ್ ಇದ್ದರೆ ಉತ್ತರ ಬೇರೆಯಾಗುತ್ತಿತ್ತು.

ಅರ್ಜಿಯಲ್ಲಿ ಕಾಯಿಲೆ ಬಚ್ಚಿಡುವ ಆಸೆ

ಗ್ರೂಪ್‌ನಲ್ಲಿ ಯಾರೂ ಕೇಳಿರಲಿಲ್ಲ, ಆದರೆ ಸ್ವಂತ ಪಾಲಿಸಿಯ ಅರ್ಜಿಯಲ್ಲಿ ಎಲ್ಲ ಕೇಳುತ್ತಾರೆ. ಎರಡು ವರ್ಷದ ಹಿಂದೆ ಅಮ್ಮನಿಗೆ ಶುಗರ್ ಏರಿ ಅಡ್ಮಿಟ್ ಮಾಡಿದ್ದು, ಯಾವಾಗಲೋ ಮಾಡಿಸಿದ ಆಂಜಿಯೋಗ್ರಾಂ, ದಿನವೂ ನುಂಗುವ ಮಾತ್ರೆ. "ಇದನ್ನೆಲ್ಲ ಬರೆದರೆ ರಿಜೆಕ್ಟ್ ಆಗುತ್ತೆ ಸಾರ್, ಖಾಲಿ ಬಿಡಿ" ಅನ್ನುವ ಏಜೆಂಟರಿಗೆ ಬರ ಇಲ್ಲ. ಕಮಿಷನ್ ಅವರಿಗೆ ಇವತ್ತೇ ಬರುತ್ತದೆ, ಕ್ಲೈಮ್ ನಿಮಗೆ ಬರುವುದು ನಾಳೆ.

ಅದೇ ಇನ್ಶೂರೆನ್ಸ್ ಕಂಪನಿಗೆ ಮೈಗ್ರೇಷನ್ ಮಾಡುವಾಗಂತೂ ಬಚ್ಚಿಡುವುದು ಹುಚ್ಚುತನ, ಗ್ರೂಪ್‌ನಲ್ಲಿ ಆದ ಕ್ಲೈಮ್‌ಗಳ ದಾಖಲೆ ಅವರ ಬಳಿಯೇ ಇದೆ. ಬಿಡದೆ 60 ತಿಂಗಳು ಕವರ್ ಇದ್ದ ಮೇಲೆ ಮೋಸ ಸಾಬೀತಾಗದ ಹೊರತು "ನೀವು ಮೊದಲೇ ಹೇಳಲಿಲ್ಲ" ಅಂತ ಕ್ಲೈಮ್ ನಿರಾಕರಿಸುವಂತಿಲ್ಲ ಅನ್ನುವ ನಿಯಮ ಇದೆ. ಮೊದಲು ಇದು ಎಂಟು ವರ್ಷ ಇತ್ತು. ಈ ಐದು ವರ್ಷದ ಲೆಕ್ಕಕ್ಕೂ ಮೈಗ್ರೇಷನ್‌ನಲ್ಲಿ ಹಳೆಯ ವರ್ಷಗಳು ಸೇರುತ್ತವೆ, ಅದು ಆ ದಾರಿಯ ಇನ್ನೊಂದು ಲಾಭ. ಆದರೆ ಬೇಕೆಂದೇ ಬಚ್ಚಿಟ್ಟದ್ದನ್ನು ಮೋಸ ಅಂತ ಕರೆದರೆ ಈ ರಕ್ಷಣೆಯೂ ಉಳಿಯುವುದಿಲ್ಲ.

ಉಳಿದ ದಾರಿಗಳು

ಹೊಸ ಕೆಲಸಕ್ಕೆ ಸೇರುತ್ತಿದ್ದೀರಿ, ಅಲ್ಲಿ ಗ್ರೂಪ್ ಕವರ್ ಇದೆ ಅಂದರೆ ಅರ್ಧ ಚಿಂತೆ ಕಡಿಮೆ. ಸೇರಿದ ದಿನದಿಂದಲೇ ಕವರ್ ಇರುತ್ತದಾ, ಅಪ್ಪ ಅಮ್ಮನನ್ನು ಸೇರಿಸಬಹುದಾ, ಹಳೆಯ ಕಾಯಿಲೆಗೆ ಮೊದಲ ದಿನದಿಂದ ಇದೆಯಾ, ಈ ಮೂರನ್ನು ಆಫರ್ ಲೆಟರ್ ಹಂತದಲ್ಲೇ ಕೇಳಿ. ಅಪ್ಪ ಅಮ್ಮನ ಹೆಸರು ಸೇರಿಸಲು ಸೇರಿದ ಮೇಲೆ ಕೆಲವೇ ದಿನಗಳ ಗಡುವು ಇರುತ್ತದೆ. ಅದು ತಪ್ಪಿದರೆ ಮುಂದಿನ ಪಾಲಿಸಿ ವರ್ಷದವರೆಗೆ ಬಾಗಿಲು ಮುಚ್ಚಿತು. ಶುಕ್ರವಾರ ಬಿಟ್ಟು ಸೋಮವಾರ ಸೇರುವವರಿಗೆ ನಡುವಿನ ಎರಡು ದಿನ ದೊಡ್ಡ ವಿಷಯ ಅಲ್ಲ. ಒಂದು ತಿಂಗಳು ಊರಿಗೆ ಹೋಗಿ ಬರೋಣ ಅನ್ನುವವರಿಗೆ ಅದು ವಿಷಯವೇ.

ಆದರೂ ಬರೀ ಹೊಸ ಕಂಪನಿಯನ್ನು ನಂಬಿ ಇಪ್ಪತ್ತು ವರ್ಷ ಕಳೆಯುವವರಿಗೆ ಐವತ್ತೈದರಲ್ಲಿ ಕೆಲಸ ಹೋದಾಗ ಶುಗರ್ ಇರುತ್ತದೆ, ಸ್ವಂತ ಪಾಲಿಸಿ ಇರುವುದಿಲ್ಲ. ಅವರಿಗೆ ಕಡಿಮೆ ಖರ್ಚಿನ ಒಂದು ದಾರಿ ಸೂಪರ್ ಟಾಪ್‌ಅಪ್. ಐದು ಲಕ್ಷದ ಮಿತಿ ಇಟ್ಟು ತೆಗೆದರೆ ವರ್ಷದ ಒಟ್ಟು ಆಸ್ಪತ್ರೆ ಬಿಲ್ ಐದು ಲಕ್ಷ ದಾಟಿದ ಮೇಲೆ ಅದು ಕೊಡಲು ಶುರು ಮಾಡುತ್ತದೆ. ಮೊದಲ ಐದು ಲಕ್ಷವನ್ನು ಕಂಪನಿ ಕವರ್ ನೋಡಿಕೊಳ್ಳುತ್ತದೆ. ಹೆಸರಿನಲ್ಲಿ "ಸೂಪರ್" ಇದೆಯಾ ನೋಡಿ. ವರ್ಷದಲ್ಲಿ ನಾಲ್ಕು ಲಕ್ಷ ಒಮ್ಮೆ, ಮೂರು ಲಕ್ಷ ಒಮ್ಮೆ ಬಿಲ್ ಬಂದರೆ ಸೂಪರ್ ಟಾಪ್‌ಅಪ್ ಒಟ್ಟು ಏಳು ಲಕ್ಷ ನೋಡಿ ಎರಡು ಲಕ್ಷ ಕೊಡುತ್ತದೆ. ಬರೀ ಟಾಪ್‌ಅಪ್ ಒಂದೊಂದು ಬಿಲ್ಲನ್ನೂ ಬೇರೆಬೇರೆ ನೋಡುವುದರಿಂದ ಏನೂ ಕೊಡುವುದಿಲ್ಲ. ಇದಕ್ಕೂ ಕಾಯುವ ಅವಧಿಗಳಿವೆ, ಆದ್ದರಿಂದ ಕೆಲಸದಲ್ಲಿರುವಾಗಲೇ ಕೊಂಡಿಟ್ಟರೆ ಅವು ತಾವಾಗೇ ಕಳೆಯುತ್ತವೆ. ಕೆಲಸ ಬಿಟ್ಟು ಸುಮ್ಮನಿರುವವರಿಗೆ ಇದೊಂದೇ ಸಾಲದು. ಮೊದಲ ಐದು ಲಕ್ಷ ನಿಮ್ಮ ಜೇಬಿನದ್ದಾಗುತ್ತದೆ.

ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದರೆ ಇನ್ನೊಬ್ಬರ ಕಂಪನಿ ಕವರ್ ನೋಡಿ. ನಿಮ್ಮ ಹೆಸರು ಅಲ್ಲಿ ಮೊದಲೇ ಇದ್ದರೆ ಸರಿ. ಇಲ್ಲದಿದ್ದರೆ ವರ್ಷದ ಮಧ್ಯೆ ಸೇರಿಸುವುದು ಮದುವೆ, ಹೆರಿಗೆ ಇಂಥ ಕಾರಣಕ್ಕೆ ಮಾತ್ರ ಅನ್ನುವ ಕಂಪನಿಗಳೇ ಹೆಚ್ಚು. ಅವರು ಯಾವಾಗ ಪಾಲಿಸಿ ನವೀಕರಿಸುತ್ತಾರೆ ಅಂತ ತಿಳಿದುಕೊಂಡು ಅಲ್ಲಿಯವರೆಗಿನ ತಿಂಗಳುಗಳಿಗೆ ಬೇರೆ ವ್ಯವಸ್ಥೆ ಮಾಡಿ.

ಹೆರಿಗೆ ಹತ್ತಿರ ಇರುವ ಮನೆಯವರಿಗೆ ಮಾತ್ರ ಬೇರೆಯೇ ಸಲಹೆ. ಕಂಪನಿ ಪಾಲಿಸಿಗಳಲ್ಲಿ ಹೆರಿಗೆ ಖರ್ಚಿಗೆ ಹೆಚ್ಚಾಗಿ ಕಾಯಬೇಕಿಲ್ಲ. ಸ್ವಂತ ಪಾಲಿಸಿಗಳಲ್ಲಿ ಆ ಸೌಲಭ್ಯ ಇದ್ದರೂ ಕಾಯುವ ಅವಧಿ ದೀರ್ಘ. ಮೈಗ್ರೇಷನ್ ಮಾಡಿದರೂ ಅದು ಹಾಗೇ ಬರುತ್ತದೆ ಅಂತ ಲೆಕ್ಕ ಹಾಕಬೇಡಿ. ಸಾಧ್ಯವಿದ್ದರೆ ಕೊನೆಯ ದಿನವನ್ನು ಹೆರಿಗೆಯ ಆಚೆಗೆ ತಳ್ಳಿ, ಇಲ್ಲವೇ ಹೊಸ ಕಂಪನಿಯಲ್ಲಿ ಹೆರಿಗೆಗೆ ಮೊದಲ ದಿನದಿಂದ ಕವರ್ ಇದೆ ಅಂತ ಬರಹದಲ್ಲಿ ಪಡೆದು ಹೊರಡಿ.

ತಿಂಗಳ ಸಂಬಳ 21,000 ರೂಪಾಯಿಯೊಳಗೆ ಇದ್ದು ಇಎಸ್‌ಐ ಕಟ್ಟುತ್ತಿದ್ದವರಿಗೆ ಮೇಲಿನದ್ದು ಯಾವುದೂ ನೇರವಾಗಿ ಅನ್ವಯಿಸುವುದಿಲ್ಲ. ಅಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ ಸೌಲಭ್ಯ. ನಿಗದಿತ ದಿನಗಳ ವಂತಿಗೆ ಕಟ್ಟಿದ್ದರೆ ಕೆಲಸ ಬಿಟ್ಟ ಮೇಲೂ ಕೆಲವು ತಿಂಗಳು ಚಿಕಿತ್ಸೆ ಸಿಗಬಹುದು. ಕಾರ್ಡ್ ಬಿಸಾಡದೆ ಹತ್ತಿರದ ಇಎಸ್‌ಐ ಕಚೇರಿಯಲ್ಲಿ ಎಲ್ಲಿಯವರೆಗೆ ಇದೆ ಅಂತ ಕೇಳಿ.

ಲ್ಯಾಪ್‌ಟಾಪ್ ವಾಪಸ್ ಕೊಡುವ ಮೊದಲು

ಟಿಪಿಎ ಪೋರ್ಟಲ್‌ಗೆ ನೀವು ಲಾಗಿನ್ ಆಗುವುದು ಸಾಮಾನ್ಯವಾಗಿ ಆಫೀಸಿನ ಮೇಲ್‌ನಿಂದ. ಕೊನೆಯ ದಿನ ಸಂಜೆ ಅದು ಬಂದ್. ಆಮೇಲೆ ಒಂದು ಕಾಗದಕ್ಕೂ ಎಚ್‌ಆರ್ ಹಿಂದೆ ಅಲೆಯಬೇಕು. ಅದಕ್ಕೇ ನೋಟಿಸ್‌ನ ಮೊದಲ ವಾರದಲ್ಲೇ ಎಚ್‌ಆರ್‌ಗೂ ಇನ್ಶೂರೆನ್ಸ್ ಕಂಪನಿಗೂ ಒಟ್ಟಿಗೆ ಒಂದು ಮೇಲ್ ಹಾಕಿ, ನಿಮ್ಮ ಸ್ವಂತ ಮೇಲ್ ವಿಳಾಸವನ್ನು ಸಿಸಿಯಲ್ಲಿ ಇಟ್ಟು. ಅದರಲ್ಲಿ ಗ್ರೂಪ್ ಪಾಲಿಸಿ ನಂಬರ್, ನಿಮ್ಮ ಮೆಂಬರ್ ಐಡಿ, ಕೊನೆಯ ದಿನಾಂಕ ಬರೆದು, ಇಂಥವರ ಹೆಸರಿಗೆ ಮೈಗ್ರೇಷನ್ ಬೇಕು, ಅರ್ಜಿ ಕಳಿಸಿ, ಪ್ರತಿಯೊಬ್ಬರೂ ಯಾವ ದಿನದಿಂದ ಕವರ್‌ನಲ್ಲಿದ್ದಾರೆ ಅನ್ನುವ ಪತ್ರ ಮತ್ತು ಕ್ಲೈಮ್ ವಿವರ ಕೊಡಿ ಅಂತ ಕೇಳಿ. ಫೋನಿನಲ್ಲಿ ಕೇಳಿದ್ದಕ್ಕೆ ನಾಳೆ ಸಾಕ್ಷಿ ಇರುವುದಿಲ್ಲ.

ಕೊನೆಯ ವರ್ಷದ ಇ-ಕಾರ್ಡ್ ಮಾತ್ರ ಸಾಲದು. ಎಷ್ಟೋ ಕಂಪನಿಗಳು ಅಗ್ಗಕ್ಕೆ ಸಿಕ್ಕಿತು ಅಂತ ಇನ್ಶೂರೆನ್ಸ್ ಕಂಪನಿಯನ್ನೇ ಬದಲಿಸುತ್ತಿರುತ್ತವೆ. ಆರು ವರ್ಷ ಇದ್ದರೂ ಈಗಿನ ಇನ್ಶೂರೆನ್ಸ್ ಕಂಪನಿಯ ದಾಖಲೆಯಲ್ಲಿ ನಿಮ್ಮದು ಎರಡೇ ವರ್ಷ ಇರಬಹುದು. ಉಳಿದ ನಾಲ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಅಂತ ಕೇಳಲು ಹಳೆಯ ವರ್ಷಗಳ ಕಾರ್ಡುಗಳು ಬೇಕು. ಶಿವಕುಮಾರ್‌ನ ಅಮ್ಮನ ಲೆಕ್ಕ ಪೂರ್ತಿ ನಿಂತಿರುವುದು ಈ ಕಾರ್ಡುಗಳ ಮೇಲೆ. ಎರಡೇ ವರ್ಷ ಅಂತಾದರೆ ಮಂಡಿಯ ಎರಡು ವರ್ಷ ಮುಗಿಯುತ್ತದೆ, ಶುಗರ್‌ಗೆ ಇನ್ನೂ ಒಂದು ವರ್ಷ ಬಾಕಿ ಉಳಿಯುತ್ತದೆ. ಮಂಡಿ ಸವೆತವನ್ನೂ ಹಳೆಯ ಕಾಯಿಲೆ ಅಂತ ಹಾಕಿದರೆ ಮಾರ್ಚ್‌ನ ಆಪರೇಷನ್ ಕೂಡ ಹೊರಗೆ.

ಅಪ್ಪ ಅಮ್ಮನ ಪ್ರೀಮಿಯಂ ನಿಮ್ಮ ಸಂಬಳದಿಂದ ಕಡಿತವಾಗುತ್ತಿದ್ದರೆ ಫೈನಲ್ ಸೆಟಲ್‌ಮೆಂಟ್ ಹಾಳೆಯನ್ನು ಗಮನವಿಟ್ಟು ಓದಿ. ಕಂತಿನಲ್ಲಿ ಹಿಡಿಯುತ್ತಿದ್ದ ಕಂಪನಿ ಬಾಕಿ ಕಂತುಗಳನ್ನೆಲ್ಲ ಒಟ್ಟಿಗೆ ಹಿಡಿದುಕೊಂಡು, ಕವರ್ ಮಾತ್ರ ಕೊನೆಯ ದಿನಕ್ಕೇ ನಿಲ್ಲಿಸಿರಬಹುದು. ಪೂರ್ತಿ ವರ್ಷದ ದುಡ್ಡು ಹಿಡಿದಿದ್ದರೆ ವರ್ಷ ಪೂರ್ತಿ ಕವರ್ ಕೊಡಿ, ಇಲ್ಲವೇ ಉಳಿದದ್ದನ್ನು ವಾಪಸ್ ಕೊಡಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಕೊನೆಯ ದಿನಕ್ಕೆ ಮೊದಲು ಆದ ಆಸ್ಪತ್ರೆ ಖರ್ಚನ್ನು ಕೆಲಸ ಬಿಟ್ಟ ಮೇಲೂ ಕ್ಲೈಮ್ ಮಾಡಬಹುದು. ಡಿಸ್ಚಾರ್ಜ್ ಆದ ಮೇಲೆ ಇಷ್ಟು ದಿನದೊಳಗೆ ಅಂತ ಗಡುವು ಇರುತ್ತದೆ, ಅದನ್ನು ಮೀರಬೇಡಿ. ಒರಿಜಿನಲ್ ಬಿಲ್ಲುಗಳನ್ನು ಕೊಡುವ ಮೊದಲು ಫೋನಿನಲ್ಲಿ ಒಂದೊಂದು ಹಾಳೆಯನ್ನೂ ಫೋಟೋ ತೆಗೆದಿಟ್ಟುಕೊಳ್ಳಿ. ಹಣ ಬರುವ ಬ್ಯಾಂಕ್ ಖಾತೆ ಸಂಬಳದ ಖಾತೆಯಾಗಿದ್ದರೆ ಅದು ಚಾಲ್ತಿಯಲ್ಲಿರಲಿ.

ಮೈಗ್ರೇಷನ್ ಕೇಳಿದ್ದಕ್ಕೆ ಇನ್ಶೂರೆನ್ಸ್ ಕಂಪನಿ ಉತ್ತರವನ್ನೇ ಕೊಡದಿದ್ದರೆ, ಇಲ್ಲವೇ ಹಳೆಯ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಮೊದಲು ಆ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಅದೇ ದೂರನ್ನು ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ಹಾಕಬಹುದು. ಒಂದು ತಿಂಗಳಾದರೂ ಸರಿಹೋಗದಿದ್ದರೆ ಇಂಥ ದೂರುಗಳನ್ನು ತೀರ್ಮಾನಿಸುವ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಕರ್ನಾಟಕದವರಿಗೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಫೀಸು ಇಲ್ಲ, ವಕೀಲರೂ ಬೇಕಿಲ್ಲ. ಅವರು ಮೊದಲು ಕೇಳುವುದು ನೀವು ಯಾವ ತಾರೀಕಿಗೆ ಬರಹದಲ್ಲಿ ಕೇಳಿದ್ದಿರಿ ಅನ್ನುವುದನ್ನು, ಆಗ ನೋಟಿಸ್‌ನ ಮೊದಲ ವಾರ ಹಾಕಿದ ಆ ಮೇಲ್‌ನ ಪ್ರತಿಯನ್ನು ಮುಂದಿಡಿ.